ಆರು ಭಾಷೆಗೆ ಹೋಗುವ ಕನ್ನಡ ನಿರೂಪಣೆ: ಎಲ್ಲಿ ಬಿಡಿಸಿ ಹೇಳಬೇಕು?

ಪ್ರಶ್ನೆ: ಸುಂಟಿಕೊಪ್ಪದ ಹತ್ತಿರ ಇರುವ ನಮ್ಮ ತಾಯಿಯ ತವರಿನ ಕಾಫಿ ತೋಟದ ಬಗ್ಗೆ 30 ನಿಮಿಷದ ಸಾಕ್ಷ್ಯಚಿತ್ರ ಮಾಡುತ್ತಿದ್ದೇನೆ. ತೋಟವನ್ನು ಈಗ ನೋಡಿಕೊಳ್ಳುತ್ತಿರುವವರು ನನ್ನ ಅತ್ತೆ. ನಿರೂಪಣೆ ಕನ್ನಡದಲ್ಲಿ, ನನ್ನದೇ ದನಿ. ಇಂಗ್ಲಿಷ್, ಹಿಂದಿ, ತಮಿಳು, ಮಲಯಾಳಂ, ಫ್ರೆಂಚ್, ಜಪಾನಿ, ಹೀಗೆ ಆರು ಭಾಷೆಯಲ್ಲಿ ಸಬ್‌ಟೈಟಲ್ ಬೇಕು. ಸಬ್‌ಟೈಟಲ್ ಮಾಡುವವರು “ಸ್ಕ್ರಿಪ್ಟ್ ಸ್ವಲ್ಪ ನ್ಯೂಟ್ರಲ್ ಆಗಿ ಬರೀರಿ” ಅಂದರು. ಹಾಗಂದ್ರೆ ಕೊಡಗಿನ ಮಾತೆಲ್ಲ ತೆಗೆದುಹಾಕಬೇಕಾ? ಶುರುವಿನ ಸಾಲುಗಳು ಹೀಗಿವೆ: “ಹೂಮಳೆ ಬಿದ್ದರೆ ಸಾಕು, ತೋಟ ಮೈತುಂಬಿಕೊಳ್ಳುತ್ತದೆ. ಮಾವ ತೀರಿಕೊಂಡ ಮೇಲೆ ಅವರೇ ಎಲ್ಲ ನೋಡಿಕೊಳ್ಳುತ್ತಾರೆ. ಬೆಳಗಾದರೆ ರೈಟರ್ ಕಣಕ್ಕೆ ಬರುತ್ತಾರೆ. ಈ ಸಲ ನಾವು ನೂರು ಚೀಲ ದಾಟುತ್ತೇವೆ.”

ಉತ್ತರ: ತೆಗೆಯಬೇಡಿ. ಹೂಮಳೆ, ಕಣ, ರೈಟರ್ ಎಲ್ಲ ಇರಲಿ. ಈ ಕೆಲಸದಲ್ಲಿ ನ್ಯೂಟ್ರಲ್ ಅಂದರೆ ಸಪ್ಪೆ ಅಂತಲ್ಲ. ಅನುವಾದಕರು ಊಹೆ ಮಾಡಬೇಕಾದ ಜಾಗ ನಿಮ್ಮ ವಾಕ್ಯದಲ್ಲಿ ಇರಬಾರದು, ಅಷ್ಟೇ. ಯಾರು, ಎಷ್ಟು ಜನ, ಯಾವಾಗ, ಯಾರಿಗೆ ಏನಾಗಬೇಕು: ಇಷ್ಟು ವಾಕ್ಯದೊಳಗೇ ಸಿಗಬೇಕು. ಸಿಗದಿದ್ದರೆ ಜೊತೆಗೆ ಹೋಗುವ ಟಿಪ್ಪಣಿಯಲ್ಲಿ ಸಿಗಬೇಕು.

ಇದಕ್ಕೆ ಕಾರಣ ಸಬ್‌ಟೈಟಲ್ ಸಾಗುವ ದಾರಿ. ನಿಮ್ಮ ಕನ್ನಡವನ್ನು ಆರು ಜನ ಕನ್ನಡ ಬಲ್ಲವರು ಆರು ಭಾಷೆಗೆ ನೇರವಾಗಿ ಅನುವಾದ ಮಾಡುವುದು ಅಪರೂಪ. ಸಾಮಾನ್ಯವಾಗಿ ಮೊದಲು ಒಂದು ಇಂಗ್ಲಿಷ್ ಸಬ್‌ಟೈಟಲ್ ಫೈಲ್ ತಯಾರಾಗುತ್ತದೆ. ಅದರಲ್ಲಿ ಪ್ರತಿ ಸಾಲು ಯಾವ ಸೆಕೆಂಡಿಗೆ ಬರಬೇಕು, ಯಾವಾಗ ಹೋಗಬೇಕು ಎಂದು ಗೊತ್ತು ಮಾಡಿರುತ್ತಾರೆ. ಇದನ್ನು ಟೆಂಪ್ಲೇಟ್ ಅನ್ನುತ್ತೇವೆ. ಉಳಿದ ಐದು ಭಾಷೆಯವರು ಕೆಲಸ ಮಾಡುವುದು ಈ ಟೆಂಪ್ಲೇಟ್ ಇಟ್ಟುಕೊಂಡು. ಅವರಿಗೆ ಚಿತ್ರ ಕಾಣುತ್ತದೆ, ದನಿ ಕೇಳುತ್ತದೆ, ಆದರೆ ಕನ್ನಡ ಗೊತ್ತಿರುವುದಿಲ್ಲ. ಇಂಗ್ಲಿಷಿನಲ್ಲಿ ಒಂದು ಕಡೆ ತಪ್ಪು ಊಹೆ ಆದರೆ ಅದೇ ತಪ್ಪು ಉಳಿದ ಐದೂ ಭಾಷೆಗೆ ಹೋಗುತ್ತದೆ.

ಇನ್ನೊಂದು ನಷ್ಟ ಇದಕ್ಕಿಂತ ಜಾಸ್ತಿ ನೋವು ಕೊಡುವಂಥದ್ದು. ಕನ್ನಡದಲ್ಲೂ ಇದ್ದು ತಮಿಳಿನಲ್ಲೂ ಇರುವ ವಿಷಯ ನಡುವಿನ ಇಂಗ್ಲಿಷಿನಲ್ಲಿ ಕಳೆದುಹೋಗುತ್ತದೆ. ಕೆಲವು ವರ್ಷದ ಹಿಂದೆ ಒಂದು ಚಿತ್ರಕ್ಕೆ ಇಂಗ್ಲಿಷ್ ಟೆಂಪ್ಲೇಟ್ ಮಾಡಿದವನು ನಾನೇ. ಒಬ್ಬ ಹುಡುಗಿ “ಅಣ್ಣನನ್ನು ಕೇಳಬೇಕು” ಅನ್ನುತ್ತಾಳೆ. ನಾನು ‘ಬ್ರದರ್’ ಎಂದು ಬರೆದೆ. ಇಂಗ್ಲಿಷಿನಲ್ಲಿ ತಪ್ಪೇನೂ ಇರಲಿಲ್ಲ. ತಮಿಳಿಗೆ ಮಾಡಿದವರಿಗೆ ಸಿಕ್ಕಿದ್ದು ಬರೀ ‘ಬ್ರದರ್’. ತೆರೆಯ ಮೇಲೆ ಹುಡುಗ ಚಿಕ್ಕವನಂತೆ ಕಂಡ, ಅವರು ‘ತಂಬಿ’, ಅಂದರೆ ತಮ್ಮ, ಎಂದು ಹಾಕಿದರು. ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಎಂಬುದೇ ಆ ದೃಶ್ಯದ ವಿಷಯವಾಗಿತ್ತು. ತಮಿಳಿನಲ್ಲಿ ಅದು ಪೂರ್ತಿ ಉಲ್ಟಾ ಆಯಿತು. ಟೆಂಪ್ಲೇಟಿನ ಪಕ್ಕದಲ್ಲಿ ‘ಹಿರಿಯವನು’ ಎಂಬ ಒಂದು ಪದ ಬರೆದಿದ್ದರೆ ಸಾಕಿತ್ತು. ಅವತ್ತಿನಿಂದ ಟಿಪ್ಪಣಿ ಇಲ್ಲದ ಟೆಂಪ್ಲೇಟ್ ನಾನು ಕಳಿಸಿಲ್ಲ.

ಈಗ ನಿಮ್ಮ ಸಾಲುಗಳನ್ನು ನೋಡೋಣ. ಎರಡನೆಯದರಿಂದ ಶುರು ಮಾಡುತ್ತೇನೆ, ಅಪಾಯ ಜಾಸ್ತಿ ಇರುವುದು ಅಲ್ಲೇ.

‘ಮಾವ’ ಎಂದರೆ ತಾಯಿಯ ಅಣ್ಣತಮ್ಮಂದಿರಲ್ಲಿ ಒಬ್ಬರೋ, ಗಂಡನ ತಂದೆಯೋ, ಹೆಂಡತಿಯ ತಂದೆಯೋ? ಕನ್ನಡದವರಿಗೆ ಸಂದರ್ಭದಿಂದ ಗೊತ್ತಾಗುತ್ತದೆ. ಆದರೆ ಇದು ಚಿತ್ರದ ಎರಡನೇ ವಾಕ್ಯ, ಸಂದರ್ಭ ಇನ್ನೂ ಕಟ್ಟಿಲ್ಲ. ಇಂಗ್ಲಿಷಿನವರು ‘ಅಂಕಲ್’ ಎಂದು ಹಾಕಿದರು ಅಂದುಕೊಳ್ಳಿ. ಹಿಂದಿಯವರು ಅದನ್ನು ‘ಚಾಚಾ’ ಮಾಡಬಹುದು, ಅಂದರೆ ಚಿಕ್ಕಪ್ಪ. ಅಲ್ಲಿಗೆ ನಿಮ್ಮ ತಾಯಿಯ ತವರಿನ ತೋಟ ಅಪ್ಪನ ಕಡೆಯದಾಯಿತು! ಚಿತ್ರ ನಿಂತಿರುವುದೇ ತವರಿನ ಮೇಲೆ ಅಲ್ವಾ?

ಮುಂದಿನದು ‘ಅವರೇ’. ಕನ್ನಡದಲ್ಲಿ ಇದು ಒಬ್ಬ ಗಂಡಸು, ಒಬ್ಬ ಹೆಂಗಸು, ಹಲವು ಜನ, ಮೂರೂ ಆಗಬಹುದು. ನಮ್ಮ ಮರ್ಯಾದೆಯ ಬಹುವಚನ ಲಿಂಗವನ್ನೂ ಸಂಖ್ಯೆಯನ್ನೂ ಒಟ್ಟಿಗೆ ಮುಚ್ಚಿಬಿಡುತ್ತದೆ. ಇಂಗ್ಲಿಷ್, ಫ್ರೆಂಚ್ ಸರ್ವನಾಮದಲ್ಲಿ ಗಂಡೋ ಹೆಣ್ಣೋ ಹೇಳಲೇಬೇಕು. ಹಿಂದಿ ಕ್ರಿಯಾಪದದಲ್ಲಿ ಹೇಳಲೇಬೇಕು. ತೋಟ ನೋಡಿಕೊಳ್ಳುವವರು ಎಂದಾಗ ಗಂಡಸೇ ಇರಬೇಕು ಎಂದು ಊಹಿಸುವ ಅನುವಾದಕರೇ ಹೆಚ್ಚು. ನಿಮ್ಮ ಪತ್ರದ ಪ್ರಕಾರ ನೋಡಿಕೊಳ್ಳುತ್ತಿರುವವರು ಅತ್ತೆ. ಹಾಗಾದರೆ ಅವರು ಚಿತ್ರಕ್ಕೆ ಬರುವ ಮೊದಲ ವಾಕ್ಯದಲ್ಲೇ ಹಲವು ಭಾಷೆಯಲ್ಲಿ ಗಂಡಸಾಗಿಬಿಡಬಹುದು.

‘ನೋಡಿಕೊಳ್ಳುತ್ತಾರೆ’ ಎನ್ನುವುದೂ ಎರಡು ಕಾಲಕ್ಕೆ ಹೊಂದುತ್ತದೆ. ದಿನಾ ನೋಡಿಕೊಳ್ಳುವುದಕ್ಕೂ ಹೀಗೇ ಅನ್ನುತ್ತೇವೆ, ಮುಂದೆ ನೋಡಿಕೊಳ್ಳುವುದಕ್ಕೂ ಹೀಗೇ ಅನ್ನುತ್ತೇವೆ. ‘ಈಗ’ ಎಂಬ ಒಂದು ಪದ ಸೇರಿಸಿದರೆ ಇದು ಸರಿಹೋಗುತ್ತದೆ.

ನಾನಾದರೆ ಹೀಗೆ ಬರೆಯುತ್ತೇನೆ: “ನನ್ನ ಸೋದರಮಾವ ತೀರಿಕೊಂಡರು. ಈಗ ತೋಟ ನೋಡಿಕೊಳ್ಳುವುದು ಅವರ ಹೆಂಡತಿ.” ‘ಸೋದರಮಾವ’ ಎಂದರೆ ತಾಯಿಯ ಕಡೆಯವರೇ, ಬೇರೆ ಅರ್ಥ ಇಲ್ಲ. ‘ಹೆಂಡತಿ’ ಎಂದ ಮೇಲೆ ಯಾವ ಭಾಷೆಯಲ್ಲೂ ಅವರು ಗಂಡಸಾಗುವುದಿಲ್ಲ. ಮುಂದಿನ ವಾಕ್ಯದಿಂದ ನೀವು ಆರಾಮಾಗಿ ‘ಅತ್ತೆ’ ಎಂದು ಕರೆಯಬಹುದು. ಕನ್ನಡಕ್ಕೂ ಏನೂ ಕೊರತೆ ಆಗಲಿಲ್ಲ. ನನ್ನ ಕಿವಿಗಂತೂ ಮೊದಲಿಗಿಂತ ಚೆನ್ನಾಗಿಯೇ ಕೇಳುತ್ತದೆ.

ಆದರೂ ಇಲ್ಲಿ ವಾಕ್ಯದಿಂದ ಬಗೆಹರಿಯದ ಎರಡು ವಿಷಯ ಉಳಿಯುತ್ತವೆ. ಜಪಾನಿಯಲ್ಲಿ ತಂದೆತಾಯಿಯ ಅಣ್ಣನಿಗೆ ಬರೆಯುವ ಅಕ್ಷರವೇ ಬೇರೆ, ತಮ್ಮನಿಗೆ ಬರೆಯುವ ಅಕ್ಷರವೇ ಬೇರೆ. ಕನ್ನಡದ ‘ಸೋದರಮಾವ’ದಲ್ಲಿ ಆ ಭೇದ ಇಲ್ಲ. ಅದಕ್ಕಾಗಿ ನಿರೂಪಣೆಯಲ್ಲಿ “ತಾಯಿಗಿಂತ ಮೂರು ವರ್ಷ ದೊಡ್ಡವರಾದ” ಎಂದು ಸುಮ್ನೆ ತುರುಕಬೇಡಿ. ಟಿಪ್ಪಣಿಯಲ್ಲಿ ಬರೆದು ಕಳಿಸಿ. ಎರಡನೆಯದು ನಿಮ್ಮ ದನಿ. ಕನ್ನಡದಲ್ಲಿ “ನಾನು ಬಂದೆ” ಎಂದು ಯಾರು ಬೇಕಾದರೂ ಹೇಳಬಹುದು. ಹಿಂದಿಯಲ್ಲಿ ಗಂಡಸು ‘ಆಯಾ’ ಅನ್ನಬೇಕು, ಹೆಂಗಸು ‘ಆಯೀ’ ಅನ್ನಬೇಕು. ನಿರೂಪಕರು ಗಂಡೋ ಹೆಣ್ಣೋ, ಸುಮಾರು ಎಷ್ಟು ವಯಸ್ಸು ಎಂದು ಟೆಂಪ್ಲೇಟಿನ ತಲೆಯಲ್ಲೇ ಬರೆಯಿರಿ. ಅನುವಾದ ಶುರುವಾಗುವಾಗ ದನಿ ಇನ್ನೂ ರೆಕಾರ್ಡ್ ಆಗಿರದೇ ಇರಬಹುದು, ಆಗ ಅವರಿಗೆ ತಿಳಿಯುವ ದಾರಿ ಅದೊಂದೇ.

ಮೂರನೇ ಸಾಲಿಗೆ ಬರೋಣ. ತೋಟದಲ್ಲಿ ಹಾಜರಿ, ಕೂಲಿ, ತೂಕದ ಲೆಕ್ಕ ಬರೆಯುವವರನ್ನು ನಾವು ರೈಟರ್ ಅನ್ನುತ್ತೇವೆ. ಕೇಳಲು ಇಂಗ್ಲಿಷ್ ಪದ, ಆದ್ದರಿಂದಲೇ ಅಪಾಯ. ಅನುವಾದಕರು ಇಂಥ ಪದ ಕಂಡರೆ ನಿಲ್ಲುವುದೇ ಇಲ್ಲ, ಹಾಗೇ ಇಂಗ್ಲಿಷಿಗೆ ಎತ್ತಿಡುತ್ತಾರೆ. ಅಲ್ಲಿಂದ ಫ್ರೆಂಚಿಗೆ, ಜಪಾನಿಗೆ ಹೋಗುವಾಗ ರೈಟರ್ ಸಾಹಿತಿಯಾಗುತ್ತಾರೆ. ಬೆಳಗಾದರೆ ಒಬ್ಬ ಕಾದಂಬರಿಕಾರರು ಕಾಫಿ ಒಣಗಿಸುವ ಜಾಗಕ್ಕೆ ಬರುತ್ತಾರೆ ಎಂದು ಅಲ್ಲಿನವರು ಓದುತ್ತಾರೆ. ‘ಚೆರಿ’, ‘ಲೈನ್ ಮನೆ’ ಇವಕ್ಕೂ ಇದೇ ಗತಿ. ಕೆಲಸದವರ ಸಾಲುಮನೆಗೆ ನಾವು ಲೈನ್ ಮನೆ ಅನ್ನುತ್ತೇವೆ. ಒಣ ಕಾಫಿ ಹಣ್ಣಿಗೆ ಚೆರಿ ಅನ್ನುತ್ತೇವೆ, ಅವರು ಕೇಕಿನ ಮೇಲಿಡುವ ಹಣ್ಣು ಅಂದುಕೊಳ್ಳುತ್ತಾರೆ. ಅಪ್ಪಟ ಕೊಡವ ಪದಕ್ಕಿಂತ ಈ ಪದಗಳಿಗೆ ನಾನು ಜಾಸ್ತಿ ಹೆದರುತ್ತೇನೆ. ‘ಐನ್‌ಮನೆ’, ಅಂದರೆ ಕುಟುಂಬದ ಮೂಲ ಮನೆ, ಗೊತ್ತಾಗದಿದ್ದರೆ ಅನುವಾದಕರು ಕೇಳುತ್ತಾರೆ. ‘ರೈಟರ್’ ಗೊತ್ತು ಅಂದುಕೊಂಡು ಮುಂದೆ ಹೋಗುತ್ತಾರೆ.

‘ಕಣ’ ಎಂದರೆ ಕನ್ನಡದವರ ಕಣ್ಣಿಗೆ ಭತ್ತ, ರಾಗಿ ಒಕ್ಕುವ ಜಾಗ ಬರುತ್ತದೆ. ಕಾಫಿಯನ್ನು ಅಲ್ಲಿ ಒಕ್ಕುವುದಿಲ್ಲ, ಬಿಸಿಲಿಗೆ ಹರಡಿ ಒಣಗಿಸುತ್ತಾರೆ. ಹಾಗಾಗಿ ಪದ ಮೊದಲ ಸಲ ಬರುವಾಗ ಅದರ ಕೆಲಸವನ್ನೂ ಜೊತೆಗೆ ಹೇಳಿ: “ಕಾಫಿ ಒಣಗಿಸುವ ಕಣ. ತೋಟದ ಲೆಕ್ಕ ಬರೆಯುವವರು ಬೆಳಗ್ಗೆ ಮೊದಲು ಇಲ್ಲಿಗೆ ಬರುತ್ತಾರೆ. ನಾವು ಇವರನ್ನು ರೈಟರ್ ಅನ್ನುತ್ತೇವೆ.” ಒಂದು ಸಲ ಹೀಗೆ ಹೇಳಿದ ಮೇಲೆ ಮುಂದಿನ 28 ನಿಮಿಷ ‘ಕಣ’, ‘ರೈಟರ್’ ಅಂತಲೇ ಬರೆಯಿರಿ. ಎಲ್ಲ ಭಾಷೆಯವರೂ ಅದೇ ಪದ ಉಳಿಸಿಕೊಳ್ಳಬಹುದು, ನೋಡುವವರಿಗೂ ಅರ್ಥ ಆಗಿರುತ್ತದೆ.

ಹೂಮಳೆಗೂ ಇದೇ ಉಪಾಯ. ಕಾಫಿ ಸೀಮೆಯ ಹೊರಗಿನ ಕನ್ನಡಿಗರಿಗೇ ಹೂಮಳೆ ಅಂದರೆ ಮೇಲಿಂದ ಹೂ ಸುರಿಸುವುದು. ಕಾಫಿಯವರಿಗೆ ಅದು ಫೆಬ್ರವರಿ ಕೊನೆಯಿಂದ ಏಪ್ರಿಲ್ ಒಳಗೆ ಬರುವ, ಹೂ ಅರಳಿಸುವ ಮಳೆ. ‘ಮೈತುಂಬಿಕೊಳ್ಳುತ್ತದೆ’ ಎನ್ನುವುದು ಚೆಂದದ ಮಾತೇ. ಆದರೆ ಏನು ತುಂಬುತ್ತದೆ? ಹೂವೋ, ಎಲೆಯೋ, ಹಣ್ಣೋ? ಅನುವಾದಕರು ಮೂರರಲ್ಲಿ ಒಂದನ್ನು ಆರಿಸಬೇಕಾಗುತ್ತದೆ. ಹೀಗೆ ಮಾಡಬಹುದು: “ಮಾರ್ಚ್ ತಿಂಗಳಲ್ಲಿ ಒಂದು ಒಳ್ಳೆಯ ಮಳೆ ಬೇಕು. ಅದು ಬಿದ್ದು ಹತ್ತು ದಿನದೊಳಗೆ ಕಾಫಿ ಗಿಡದ ತುಂಬ ಬಿಳಿ ಹೂ ಅರಳುತ್ತದೆ. ಇದು ನಮ್ಮ ಹೂಮಳೆ.” ಇಲ್ಲಿ ಹೆಸರನ್ನು ಕೊನೆಗೆ ಇಟ್ಟಿದ್ದೇನೆ. ವಿಷಯ ಮೊದಲು ತಿಳಿದಿರುವುದರಿಂದ ಹೆಸರು ಓದುವವರಿಗೆ ಒಗಟಾಗುವುದಿಲ್ಲ, ಒಂದು ಹೊಸ ಪದ ಸಿಕ್ಕಂತಾಗುತ್ತದೆ.

ಕೊನೆಯ ಸಾಲು ಸಣ್ಣದು, ಆದರೆ ಅದರಲ್ಲಿ ಎರಡು ಗುಂಡಿ ಇವೆ. ಒಂದು ‘ನಾವು’. ನಮ್ಮ ‘ನಾವು’ನಲ್ಲಿ ಕೇಳುವವರೂ ಸೇರಿದ್ದಾರೋ ಇಲ್ಲವೋ ಗೊತ್ತಾಗುವುದಿಲ್ಲ. ತಮಿಳಿನಲ್ಲಿ ಕೇಳುವವರೂ ಸೇರಿದರೆ ‘ನಾಮ್’, ಸೇರದಿದ್ದರೆ ‘ನಾಂಗಳ್’. ಮಲಯಾಳದಲ್ಲಿ ‘ನಮ್ಮಳ್’, ‘ಞಙ್ಙಳ್’. ನಿಮ್ಮ ಸಾಲಿನಲ್ಲಿ ಬೇಕಿರುವುದು ‘ನಾಂಗಳ್’. ಪೂರ್ತಿ ಸ್ಕ್ರಿಪ್ಟ್ ಹುಡುಕಿ ನೋಡಿ. “ನಾವು ಈಗ ಐನ್‌ಮನೆಗೆ ಹೋಗೋಣ” ಎಂಬಂಥ ಸಾಲು ಇನ್ನೊಂದು ಕಡೆ ಇದ್ದರೆ ಅಲ್ಲಿ ನೋಡುಗರೂ ಸೇರಿದ್ದಾರೆ. ಎರಡೂ ಅರ್ಥಕ್ಕೆ ಒಂದೇ ‘ನಾವು’ ಬಳಸುವ ಬದಲು ಮನೆಯವರ ಬಗ್ಗೆ ಹೇಳುವಾಗ ‘ನಮ್ಮ ಮನೆಯವರು’ ಅನ್ನಿ.

ಇನ್ನೊಂದು ‘ಚೀಲ’. ಕೊಡಗಿನಲ್ಲಿ ಕಾಫಿ ಚೀಲ ಅಂದರೆ 50 ಕಿಲೋ ಒಣ ಚೆರಿ, ರೇಟ್ ಹೇಳುವುದೂ ಅದಕ್ಕೇ. ಅಂತರರಾಷ್ಟ್ರೀಯ ಕಾಫಿ ಲೆಕ್ಕದಲ್ಲಿ ಒಂದು ಚೀಲ ಅಂದರೆ 60 ಕಿಲೋ, ಅದೂ ಸಿಪ್ಪೆ ತೆಗೆದ ಬೀಜ. ನಿಮ್ಮ ನೂರು ಚೀಲ 5,000 ಕಿಲೋ ಚೆರಿ. ಸಿಪ್ಪೆ ತೆಗೆದರೆ ಉಳಿಯುವುದು ಹೆಚ್ಚುಕಡಿಮೆ ಅದರ ಅರ್ಧ. ಜಪಾನಿನಲ್ಲಿ ಕಾಫಿ ವ್ಯಾಪಾರ ಬಲ್ಲವರು ಅದನ್ನು 6,000 ಕಿಲೋ ಬೀಜ ಎಂದು ಓದುತ್ತಾರೆ. ಅಂದರೆ ಇರುವುದರ ಎರಡು ಪಟ್ಟಿಗಿಂತ ಜಾಸ್ತಿ. ಅನುವಾದಕರು ಇದನ್ನು ಸರಿಮಾಡಲಾರರು, ಅವರಿಗೆ ಅನುಮಾನವೇ ಬರುವುದಿಲ್ಲ. “ಈ ಸಲ ನಮ್ಮ ಮನೆಯವರಿಗೆ ಐದು ಟನ್ನಿಗಿಂತ ಜಾಸ್ತಿ ಒಣ ಕಾಫಿ ಹಣ್ಣು ಸಿಗಬಹುದು” ಎಂದರೆ ಎಲ್ಲಿಯೂ ಒಂದೇ ಅರ್ಥ. ಎಕರೆ, ಇಂಚು ಲೆಕ್ಕದ ಮಳೆ, ಇವನ್ನು ಕನ್ನಡದಲ್ಲಿ ಹಾಗೇ ಬಿಡಿ. ಅವು ಎಲ್ಲ ಕಡೆ ಒಂದೇ ಅಳತೆ, ಬೇಕಾದವರು ಪರಿವರ್ತಿಸಿಕೊಳ್ಳುತ್ತಾರೆ. ಊರಿಂದೂರಿಗೆ ಬದಲಾಗುವ ಚೀಲ, ಸೇರು, ಹೊರೆಗಳಿಗೆ ಮಾತ್ರ ಕಿಲೋ ಕೊಡಿ.

ಬಿಡಿಸಿ ಬರೆದರೆ ಸಾಲು ಉದ್ದವಾಗುತ್ತದಲ್ಲ, ಜಾಗ ಎಲ್ಲಿ ಎಂದು ಕೇಳುತ್ತೀರಿ. ಸರಿಯಾದ ಪ್ರಶ್ನೆ. ಇಂಗ್ಲಿಷ್, ಫ್ರೆಂಚ್ ಸಬ್‌ಟೈಟಲ್‌ಗೆ ಸಾಮಾನ್ಯವಾಗಿ ಎರಡೇ ಸಾಲು, ಸಾಲಿಗೆ ಸುಮಾರು 42 ಅಕ್ಷರ. ಓದುವ ವೇಗ ಸೆಕೆಂಡಿಗೆ 17ರಿಂದ 20 ಅಕ್ಷರ. ಜಪಾನಿಗೆ ಸೆಕೆಂಡಿಗೆ ಸುಮಾರು 4 ಅಕ್ಷರ ಮಾತ್ರ. ಸೋದರಮಾವನ ಎರಡು ವಾಕ್ಯ ಇಂಗ್ಲಿಷಿನಲ್ಲಿ 60 ಅಕ್ಷರದ ಹತ್ತಿರ ಬರುತ್ತದೆ, ಅಂದರೆ ಮೂರೂವರೆ ಸೆಕೆಂಡು. ನೀವು ಕನ್ನಡದಲ್ಲಿ ಅದನ್ನು ನಿಧಾನವಾಗಿ ಹೇಳಲು ನಾಲ್ಕೈದು ಸೆಕೆಂಡು ಹಿಡಿಯುತ್ತದೆ. ಸರಿಹೋಯಿತು. ಹೂಮಳೆಯ ಮೂರು ವಾಕ್ಯಕ್ಕೆ ಮಾತ್ರ ಪ್ರತಿ ವಾಕ್ಯದ ನಂತರ ಒಂದು ಸೆಕೆಂಡಿನಷ್ಟು ಬಿಡುವು ಕೊಡಿ. ಹೂವಿನ ದೃಶ್ಯ ಹೇಗೂ ಇರುತ್ತದೆ. ಆ ಬಿಡುವಿನಲ್ಲಿ ಸಬ್‌ಟೈಟಲ್ ಉಳಿದುಕೊಳ್ಳುತ್ತದೆ, ಓದಿ ಮುಗಿಸಿ ಹೂ ನೋಡಲು ಜನರಿಗೆ ಸಮಯ ಸಿಗುತ್ತದೆ.

ಉದ್ದಕ್ಕಿಂತ ದೊಡ್ಡ ತೊಂದರೆ ವಾಕ್ಯದ ಜೋಡಣೆ. ಒಂದು ವಾಕ್ಯ ನೋಡಿ: “ಅಜ್ಜ ನೆಟ್ಟ ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಬಳ್ಳಿಯಿಂದ ಕೊಯ್ದ ಮೆಣಸೇ ಈ ಮನೆಯ ಮೊದಲ ಸಂಪಾದನೆ.” ಕನ್ನಡದಲ್ಲಿ ಲಕ್ಷಣವಾಗಿದೆ. ದೃಶ್ಯವೂ ಹಾಗೇ ಜೋಡಿಸಿರುತ್ತೀರಿ: ಅಜ್ಜನ ಫೋಟೋ, ಮರ, ಬಳ್ಳಿ, ಅಂಗೈಯಲ್ಲಿ ಮೆಣಸು. ತಮಿಳು, ಮಲಯಾಳಂ, ಜಪಾನಿಗೂ ಇದೇ ಕ್ರಮ ಹೊಂದುತ್ತದೆ. ಇಂಗ್ಲಿಷ್, ಫ್ರೆಂಚಿನಲ್ಲಿ ಇಡೀ ವಾಕ್ಯ ತಿರುಗುಮುರುಗಾಗುತ್ತದೆ. ಮೊದಲು ಸಂಪಾದನೆ, ಆಮೇಲೆ ಮೆಣಸು, ಬಳ್ಳಿ, ಮರ, ಕೊನೆಗೆ ಅಜ್ಜ. ತೆರೆಯ ಮೇಲೆ ಅಜ್ಜನ ಫೋಟೋ ಇರುವಾಗ ಕೆಳಗೆ ‘ಸಂಪಾದನೆ’ ಬಂದಿರುತ್ತದೆ. ಮೆಣಸು ಕಾಣುವಾಗ ‘ಅಜ್ಜ ನೆಟ್ಟದ್ದು’ ಎಂದಿರುತ್ತದೆ. ಅನುವಾದಕರು ಎಷ್ಟೇ ಜಾಣರಾದರೂ ಇದನ್ನು ಪೂರ್ತಿ ಸರಿಮಾಡಲು ಆಗದು.

ಅದಕ್ಕೆ ಬಿಡಿಬಿಡಿಯಾಗಿ ಹೇಳಿ: “ಈ ಸಿಲ್ವರ್ ಓಕ್ ನೆಟ್ಟವರು ಅಜ್ಜ. ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದರು. ಈ ಮನೆಯ ಮೊದಲ ಸಂಪಾದನೆ ಆ ಮೆಣಸು.” ಒಂದು ದೃಶ್ಯಕ್ಕೆ ಒಂದು ವಾಕ್ಯ, ಒಂದು ವಾಕ್ಯಕ್ಕೆ ಒಂದು ಸಬ್‌ಟೈಟಲ್. ವಾಕ್ಯದ ಒಳಗೆ ಪದಗಳು ಹಿಂದೆಮುಂದೆ ಆದರೂ ದೃಶ್ಯ ದಾಟಿ ಹೋಗುವುದಿಲ್ಲ. ‘ಮಾಡಿದ’, ‘ಬಂದ’, ‘ಇಟ್ಟ’ ಎಂಬಂಥ ರೂಪ ಒಂದೇ ವಾಕ್ಯದಲ್ಲಿ ಎರಡಕ್ಕಿಂತ ಜಾಸ್ತಿ ಸಾಲುಗಟ್ಟಿ ನಿಂತಿದ್ದರೆ ಅಲ್ಲಿ ಒಡೆಯಬೇಕು ಎಂದೇ ತಿಳಿಯಿರಿ.

ಇಷ್ಟೆಲ್ಲ ನಿರೂಪಣೆಗೆ ಮಾತ್ರ. ಅತ್ತೆ, ಕೆಲಸದವರು, ಊರ ಹಿರಿಯರು ಕ್ಯಾಮೆರಾ ಮುಂದೆ ಆಡುವ ಮಾತನ್ನು ಮುಟ್ಟಬೇಡಿ, ಅದು ಅವರದು. ಆದರೆ ಪ್ರಶ್ನೆ ಕೇಳುವುದು ನಿಮ್ಮ ಕೈಯಲ್ಲಿದೆ. “ಇದನ್ನು ಯಾರು ನೆಟ್ಟಿದ್ದು?” ಎಂದು ಕೇಳಿದರೆ “ಅವರೇ” ಎಂಬ ಉತ್ತರ ಬರುತ್ತದೆ. ಮೊದಲೇ ಹೇಳಿಡಿ: “ಅತ್ತೆ, ನನ್ನ ಪ್ರಶ್ನೆ ಚಿತ್ರದಲ್ಲಿ ಕೇಳಿಸುವುದಿಲ್ಲ. ಯಾರ ಬಗ್ಗೆ ಹೇಳುತ್ತೀರೋ ಅವರ ಹೆಸರು ಹಿಡಿದೇ ಹೇಳಿ.” ಎರಡು ಮೂರು ಸಲಕ್ಕೆ ರೂಢಿಯಾಗುತ್ತದೆ. ಯಾರು ಯಾರಿಗೆ ‘ನೀನು’ ಅನ್ನುತ್ತಾರೆ, ಯಾರಿಗೆ ‘ನೀವು’ ಅನ್ನುತ್ತಾರೆ ಎಂಬುದನ್ನೂ ಬರೆದಿಡಿ. ಇಂಗ್ಲಿಷಿನಲ್ಲಿ ಎರಡೂ ಒಂದೇ ಪದ. ಹಿಂದಿಯವರೂ ಫ್ರೆಂಚಿನವರೂ ಮತ್ತೆ ಆರಿಸಬೇಕು. ಅತ್ತೆ ಮೇಸ್ತ್ರಿಗೆ ‘ನೀವು’ ಅನ್ನುವವರಾಗಿದ್ದು ಹಿಂದಿಯಲ್ಲಿ ‘ತುಮ್’ ಬಂದರೆ, ಅವರು ಆಳುಗಳನ್ನು ನಡೆಸಿಕೊಳ್ಳುವ ರೀತಿಯೇ ಬೇರೆಯಾಗಿ ಕಾಣುತ್ತದೆ.

ಕೆಲವನ್ನು ಬಿಡಿಸಲೇಬಾರದು. ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯಲ್ಲಿ ಕದಿರು ತೆಗೆಯುವಾಗ “ಪೊಲಿ ಪೊಲಿ ದೇವಾ” ಎಂದು ಕೂಗುತ್ತಾರಲ್ಲ, ಅದು ಹಾಗೇ ಇರಲಿ. ಬೆಳೆ ಹೆಚ್ಚಲಿ ಎಂದು ದೇವರಲ್ಲಿ ಕೇಳಿಕೊಳ್ಳುವುದು ಎಂದು ಟಿಪ್ಪಣಿ ಕೊಟ್ಟರೆ ಸಾಕು. ಆ ಕೂಗಿನ ಬದಲು ನಿರೂಪಣೆಯಲ್ಲಿ ವಿವರಣೆ ಓದಿದರೆ ಇಡೀ ರಾತ್ರಿಯ ದೃಶ್ಯ ಸತ್ತುಹೋಗುತ್ತದೆ. ಹೆಸರುಗಳ ವಿಷಯದಲ್ಲಿ ಮಾತ್ರ ಒಂದೇ ಮಾತಿಗೆ ನಿಲ್ಲಿ. ಹುತ್ತರಿಯೋ ಪುತ್ತರಿಯೋ, ಕೊಡಗೋ ಕೂರ್ಗೋ, ಒಂದನ್ನು ಆರಿಸಿ. ಇಲ್ಲದಿದ್ದರೆ ಎರಡು ಹಬ್ಬ, ಎರಡು ಜಿಲ್ಲೆ ಎಂದು ದೂರದವರು ತಿಳಿಯುತ್ತಾರೆ. ಮನೆಯವರು ‘ಪುತ್ತರಿ’ ಅಂತಲೇ ಅನ್ನುವುದಾದರೆ ನಾನು ಅದನ್ನೇ ಆರಿಸುತ್ತೇನೆ. ಕಿವಿಗೆ ಕೇಳುವುದೂ ಕಣ್ಣಿಗೆ ಕಾಣುವುದೂ ಒಂದೇ ಆಗಿರಲಿ.

ಸ್ಕ್ರಿಪ್ಟ್ ಸರಿಯಾಗಿದೆಯಾ ಎಂದು ನೋಡಲು ನಾನು ಮಾಡುವುದು ಇಷ್ಟು. ತೋಟದ ಬಳಕೆ ಇಲ್ಲದ ಒಬ್ಬರಿಗೆ, ರಾಯಚೂರಿನವರೋ ಬೀದರಿನವರೋ ಆದರೆ ಒಳ್ಳೆಯದು, ದೃಶ್ಯ ತೋರಿಸದೆ ನಿರೂಪಣೆ ಓದಿ ಹೇಳುತ್ತೇನೆ. ಪ್ರತಿ ಪ್ಯಾರಾ ಆದ ಮೇಲೆ “ಯಾರು? ಎಷ್ಟು ಜನ? ಯಾವಾಗ?” ಎಂದು ಕೇಳುತ್ತೇನೆ. ಅವರು ತಡವರಿಸಿದ ಜಾಗದಲ್ಲಿ ಗುರುತು ಹಾಕುತ್ತೇನೆ. ಇಂಗ್ಲಿಷ್ ಟೆಂಪ್ಲೇಟ್ ಬಂದ ಮೇಲೆ ಇನ್ನೊಬ್ಬರಿಂದ, ಕನ್ನಡ ಸ್ಕ್ರಿಪ್ಟ್ ನೋಡದವರಿಂದ, ಅದನ್ನು ಮತ್ತೆ ಕನ್ನಡಕ್ಕೆ ಹೇಳಿಸುತ್ತೇನೆ. ‘ಅತ್ತೆ’ ಅತ್ತೆಯಾಗಿಯೇ ವಾಪಸ್ ಬಂದರೆ ಸರಿ. ಚಿಕ್ಕಮ್ಮನಾಗಿ ಬಂದರೆ ಟಿಪ್ಪಣಿ ಸಾಲದು ಎಂದರ್ಥ.

ನಿಮ್ಮ ಪತ್ರದಲ್ಲಿ ದನಿ ರೆಕಾರ್ಡಿಂಗ್ ಆಗಿದೆಯೋ ಇಲ್ಲವೋ ತಿಳಿಸಿಲ್ಲ. ಆಗಿಲ್ಲದಿದ್ದರೆ ಈ ವಾರ ನಿಲ್ಲಿಸಿ, ಮೊದಲು ಈ ಓದಿನ ಪರೀಕ್ಷೆ ಮಾಡಿಕೊಳ್ಳಿ. ಆಗಿಹೋಗಿದ್ದರೆ ಆ ಎರಡನೇ ಸಾಲನ್ನು ಮತ್ತು ನೂರು ಚೀಲದ ಸಾಲನ್ನು ಮಾತ್ರ ಮತ್ತೆ ರೆಕಾರ್ಡ್ ಮಾಡಿ. ಉಳಿದದ್ದನ್ನು ಟಿಪ್ಪಣಿಯಲ್ಲಿ ಸರಿಮಾಡಬಹುದು.